ಪ್ರೆಶರ್-ವಾಲ್ಯೂಮ್ ಲೂಪ್: ಬರೆಯುವುದು ಹೇಗೆ, ಓದುವುದು ಹೇಗೆ?

ವೈವಾದಲ್ಲಿ ಲೂಪ್ ಬರೆಯಲು ಹೇಳಿದರೆ ಹೆಚ್ಚಿನ ಪಿ.ಜಿ.ಗಳು ನಾಲ್ಕು ಮೂಲೆಯ ಒಂದು ಆಕಾರ ಎಳೆದು, ಪ್ರತಿ ಮೂಲೆಗೂ ಯಾವ ಕವಾಟ ತೆರೆಯಿತು, ಯಾವುದು ಮುಚ್ಚಿತು ಎಂದು ಗುರುತು ಹಾಕಿ ಪೆನ್ ಕೆಳಗಿಡುತ್ತಾರೆ. ಅಷ್ಟರಿಂದ ರೋಗಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಇಬ್ಬರು ರೋಗಿಗಳಿದ್ದಾರೆ ಎಂದುಕೊಳ್ಳಿ, ಇಬ್ಬರ ಸಿಸ್ಟಾಲಿಕ್ ಬಿಪಿಯೂ 110. ಒಬ್ಬರ ಹೃದಯ ಚೆನ್ನಾಗಿದೆ, ಇನ್ನೊಬ್ಬರದು ಹಿಗ್ಗಿ ಸೋತ ಹೃದಯ. ಧಮನಿಗಳನ್ನು ಸಡಿಲಿಸುವ ಔಷಧವನ್ನು ಇಬ್ಬರಿಗೂ ಕೊಟ್ಟಾಗ ಮೊದಲನೆಯವರ ಬಿಪಿ ಚೆನ್ನಾಗಿಯೇ ಇಳಿಯುತ್ತದೆ, ಸ್ಟ್ರೋಕ್ ವಾಲ್ಯೂಮ್ ಅಷ್ಟೇನೂ ಏರುವುದಿಲ್ಲ. ಎರಡನೆಯವರಲ್ಲಿ ಬಿಪಿ ಇಳಿಯುವುದು ಕಡಿಮೆ, ಸ್ಟ್ರೋಕ್ ವಾಲ್ಯೂಮ್ ಏರುವುದು ಹೆಚ್ಚು. ಕಾರಣವನ್ನು ಒಂದು ಗ್ರಾಫ್ ಹಾಳೆಯ ಮೇಲೆ ಲೆಕ್ಕ ಹಾಕಿಯೇ ತೋರಿಸಬಹುದು. ಅದಕ್ಕೆ ಲೂಪಿಗಿಂತ ಮೊದಲು ಸ್ನಾಯುವಿನ ಎಳೆಯಿಂದ ಶುರುಮಾಡಬೇಕು.

ಮೊದಲು ಎಳೆ, ಆಮೇಲೆ ಕೋಣೆ

ಪ್ಯಾಪಿಲರಿ ಸ್ನಾಯುವಿನ ತೆಳುವಾದ ಒಂದು ಎಳೆಯನ್ನು ಎರಡು ಕೊಕ್ಕೆಗಳ ನಡುವೆ ಕಟ್ಟಿ, ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಾ ಹೋಗಿ. ಪ್ರಚೋದನೆ ಕೊಡದಿದ್ದಾಗ ಸಿಗುವುದು ನಿಷ್ಕ್ರಿಯ ಬಿಗಿತ. ಮೊದಮೊದಲು ಅದು ಇಲ್ಲವೆನ್ನುವಷ್ಟು ಕಡಿಮೆ, ಆಮೇಲೆ ಕಡಿದಾಗಿ ಏರುತ್ತದೆ. ಪ್ರತಿ ಉದ್ದದಲ್ಲೂ, ಎಳೆ ಗಿಡ್ಡವಾಗಲು ಬಿಡದೆ ಒಂದು ಪ್ರಚೋದನೆ ಕೊಟ್ಟರೆ ಒಟ್ಟು ಬಿಗಿತ ಸಿಗುತ್ತದೆ. ಒಟ್ಟಿನಿಂದ ನಿಷ್ಕ್ರಿಯ ಬಿಗಿತವನ್ನು ಕಳೆದರೆ ಉಳಿಯುವುದು ಸಕ್ರಿಯ ಬಿಗಿತ. ಸಾರ್ಕೊಮಿಯರ್ ಉದ್ದ ಸುಮಾರು 2.2 ಮೈಕ್ರಾನ್ ತಲುಪುವವರೆಗೂ ಇದು ಏರುತ್ತಲೇ ಹೋಗುತ್ತದೆ.

ಈ ಏರಿಕೆಗೆ ಕಾರಣ ಕೇಳಿದರೆ ಆಕ್ಟಿನ್-ಮಯೋಸಿನ್ ಎಳೆಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ ಎಂಬ ಉತ್ತರ ಬರುತ್ತದೆ. ಅದು ಅಸ್ಥಿಸ್ನಾಯುವಿನ ಪಾಠ, ಹೃದಯಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಹೃದಯದ ಎಳೆಯಲ್ಲಿ ಉದ್ದ ಹೆಚ್ಚಿದಂತೆ ಅದೇ ಪ್ರಮಾಣದ ಕ್ಯಾಲ್ಸಿಯಂಗೆ ತಂತುಗಳು ಹೆಚ್ಚು ಸ್ಪಂದಿಸುತ್ತವೆ. ಏರಿಕೆ ಅಷ್ಟು ಕಡಿದಾಗಿರುವುದಕ್ಕೆ ಮುಖ್ಯ ಕಾರಣ ಇದೇ. ಇನ್ನು ಇಳಿಜಾರಿನ ವಿಷಯ. ಅಸ್ಥಿಸ್ನಾಯುವನ್ನು ತೀರಾ ಎಳೆದರೆ ಬಿಗಿತ ಕುಸಿಯುತ್ತದೆ. ಆದರೆ ಟೈಟಿನ್ ಮತ್ತು ಕೊಲಾಜನ್ ಹೃದಯಸ್ನಾಯುವನ್ನು 2.3-2.4 ಮೈಕ್ರಾನ್ ಆಚೆಗೆ ಸುಲಭವಾಗಿ ಹೋಗಗೊಡುವುದಿಲ್ಲ. ಹಾಗಾಗಿ ಕೆಲವು ಪುಸ್ತಕಗಳಲ್ಲಿ ಕೊನೆಗೆ ಕೆಳಕ್ಕೆ ಬಾಗುವ ಸ್ಟಾರ್ಲಿಂಗ್ ರೇಖೆಯನ್ನು ನೋಡಿ 'ಸಾರ್ಕೊಮಿಯರ್ ಅತಿಯಾಗಿ ಹಿಗ್ಗಿತು' ಎನ್ನಬೇಡಿ. ತುಂಬಿಸಿದಷ್ಟೂ ಹೊರಹರಿವು ಕಡಿಮೆಯಾಗುತ್ತಿದ್ದರೆ ಮೈಟ್ರಲ್ ಕವಾಟ ಸೋರತೊಡಗಿರಬಹುದು, ಬಲ ವೆಂಟ್ರಿಕಲ್ ಉಬ್ಬಿ ಸೆಪ್ಟಮನ್ನು ಎಡಕ್ಕೆ ತಳ್ಳುತ್ತಿರಬಹುದು, ಇಲ್ಲವೇ ಆಫ್ಟರ್‌ಲೋಡ್ ಏರಿರಬಹುದು. ಮೊದಲು ಇವನ್ನು ಹುಡುಕಿ.

ಈಗ ಇಡೀ ವಿಷಯದ ಕೀಲಿಯಂತಿರುವ ಪ್ರಯೋಗ. ಎಳೆಗೆ ಒಂದು ತೂಕ ಕಟ್ಟಿ, ಅದನ್ನು ಎತ್ತಿಕೊಂಡು ಗಿಡ್ಡವಾಗಲು ಬಿಡಿ. ಗಿಡ್ಡವಾಗುತ್ತಾ ಹೋದ ಎಳೆ ಒಂದು ಉದ್ದದಲ್ಲಿ ನಿಲ್ಲುತ್ತದೆ. ಎಲ್ಲಿ? ಯಾವ ಉದ್ದದಲ್ಲಿ ಅದು ಗರಿಷ್ಠವಾಗಿ ಹುಟ್ಟಿಸಬಲ್ಲ ಬಿಗಿತ ಆ ತೂಕಕ್ಕೆ ಸಮವೋ ಅಲ್ಲಿ, ಹೆಚ್ಚುಕಡಿಮೆ. ಎಲ್ಲಿಂದ ಹೊರಟಿತು ಎಂಬುದು ನಿಲ್ಲುವ ಜಾಗವನ್ನು ಬಹುಮಟ್ಟಿಗೆ ಬದಲಿಸುವುದಿಲ್ಲ. ಹೊರಡುವ ಜಾಗ ಪ್ರಿಲೋಡಿನದು, ನಿಲ್ಲುವ ಜಾಗವನ್ನು ತೂಕ ಮತ್ತು ಸ್ನಾಯುವಿನ ಶಕ್ತಿ ನಿರ್ಧರಿಸುತ್ತವೆ.

ಉದ್ದದ ಬದಲು ವಾಲ್ಯೂಮ್, ಬಿಗಿತದ ಬದಲು ಒತ್ತಡ ಎಂದು ಬರೆದರೆ ಇದೇ ಗ್ರಾಫ್ ವೆಂಟ್ರಿಕಲ್ಲಿನದಾಗುತ್ತದೆ. 1895ರಲ್ಲಿ ಒಟ್ಟೋ ಫ್ರಾಂಕ್ ಕಪ್ಪೆಯ ಹೃದಯದಲ್ಲಿ ಈ ದಾರಿ ಹಿಡಿದರು. 1970ರ ದಶಕದಲ್ಲಿ ಸುಗಾ ಮತ್ತು ಸಗಾವಾ ನಾಯಿಯ ಹೃದಯದಲ್ಲಿ ಬೇರೆ ಬೇರೆ ಲೋಡುಗಳ ಬಡಿತಗಳನ್ನು ದಾಖಲಿಸಿ, ಅವುಗಳ ಸಿಸ್ಟೊಲಿ ಅಂತ್ಯದ ಬಿಂದುಗಳೆಲ್ಲ ಬಹುತೇಕ ಒಂದೇ ಸರಳರೇಖೆಯ ಮೇಲೆ ಬೀಳುತ್ತವೆ ಎಂದು ತೋರಿಸಿದರು. ನಾವು ಎಳೆಯಬೇಕಾದ ಮೊದಲ ರೇಖೆ ಅದೇ.

ಹೆಜ್ಜೆ 1: ಎರಡು ಗಡಿಗಳು

ಅಡ್ಡ ಅಕ್ಷದಲ್ಲಿ 0ಯಿಂದ 220 ಮಿ.ಲೀ., ನೇರ ಅಕ್ಷದಲ್ಲಿ 0ಯಿಂದ 140 ಮಿ.ಮೀ. ಪಾದರಸ. ಆರೋಗ್ಯವಂತ ಹೃದಯದಿಂದ ಶುರುಮಾಡೋಣ. ಡಯಾಸ್ಟೊಲಿ ಅಂತ್ಯದ ವಾಲ್ಯೂಮ್ 120, ಸಿಸ್ಟೊಲಿ ಅಂತ್ಯದ್ದು 50, ಸ್ಟ್ರೋಕ್ ವಾಲ್ಯೂಮ್ 70. ಸಿಸ್ಟೊಲಿ ಅಂತ್ಯದ ಒತ್ತಡಕ್ಕೆ ಸಿಸ್ಟಾಲಿಕ್ ಬಿಪಿಯ 0.9 ಪಾಲು ತೆಗೆದುಕೊಳ್ಳುವುದು ರೂಢಿ, ಬಿಪಿ 110 ಇದ್ದರೆ ಸುಮಾರು 100. ಒತ್ತಡವೇ ಹುಟ್ಟದ ವಾಲ್ಯೂಮ್ ಒಂದಿದೆ, ಅದನ್ನು V0 ಎನ್ನುತ್ತಾರೆ. ಇಲ್ಲಿ ಅದು 10 ಎಂದಿಟ್ಟುಕೊಳ್ಳಿ.

ಅಡ್ಡ ಅಕ್ಷದ 10ರಿಂದ (50, 100) ಬಿಂದುವಿನ ಮೂಲಕ ನೇರ ಗೆರೆ ಎಳೆಯಿರಿ. ಇದು ಮೇಲಿನ ಗಡಿ, ಪೂರ್ತಿ ಪ್ರಚೋದನೆಗೊಂಡ ಸ್ನಾಯುವಿನ ಗೆರೆ. ಇದರ ಇಳಿಜಾರು 100/40, ಅಂದರೆ 2.5. ಇದಕ್ಕೆ ವೆಂಟ್ರಿಕಲ್ಲಿನ ಇಲಾಸ್ಟೆನ್ಸ್ ಎಂದು ಹೆಸರು, ಸಂಕೋಚನ ಶಕ್ತಿಯ ಅಳತೆ. ಕೆಳಗಿನ ಗಡಿ ನಿಷ್ಕ್ರಿಯ ಬಿಗಿತದ್ದು. ಅದು ನೇರ ಗೆರೆಯಲ್ಲ, ಬಹಳ ದೂರ ಚಪ್ಪಟೆಯಾಗಿ ಹೋಗಿ ಬಲತುದಿಯಲ್ಲಿ ಮೇಲಕ್ಕೇಳುತ್ತದೆ. 120ರಲ್ಲಿ ಅದರ ಎತ್ತರ ಸುಮಾರು 8 ಇರಲಿ.

ಹೆಜ್ಜೆ 2: ಧಮನಿಯ ಗೆರೆ

ಹೆಚ್ಚಿನವರು ಬಿಟ್ಟುಬಿಡುವ ಗೆರೆ ಇದು, ಅದಿಲ್ಲದೆ ಲೂಪ್ ಏನನ್ನೂ ಹೇಳುವುದಿಲ್ಲ. ಅಡ್ಡ ಅಕ್ಷದ 120ರಿಂದ ಎಡಕ್ಕೆ ಮೇಲಕ್ಕೆ ಹತ್ತಿ (50, 100) ಬಿಂದುವನ್ನು ಸೇರುವ ಗೆರೆ ಎಳೆಯಿರಿ. ಇಳಿಜಾರು 100/70, ಅಂದರೆ 1.43. ಇದು ಧಮನಿಗಳ ಪರಿಣಾಮಕಾರಿ ಇಲಾಸ್ಟೆನ್ಸ್. ಬಹುಪಾಲು ರಕ್ತನಾಳಗಳ ಪ್ರತಿರೋಧ ಮತ್ತು ಹೃದಯದ ಗತಿಯಿಂದ ಆಗಿದ್ದು, ಧಮನಿಗಳ ಪೆಡಸುತನವೂ ಸೇರಿಕೊಂಡಿರುತ್ತದೆ. ಎರಡು ಗೆರೆಗಳು ಸೇರುವ ಬಿಂದುವೇ ಬಡಿತ ಮುಗಿಯುವ ಜಾಗ. ಎಳೆಗೆ ಕಟ್ಟಿದ ತೂಕದ ಜಾಗದಲ್ಲಿ ಈಗ ಧಮನಿಗಳಿವೆ.

ಹೆಜ್ಜೆ 3: ನಾಲ್ಕು ಮೂಲೆ

(120, 8)ರಲ್ಲಿ ಮೈಟ್ರಲ್ ಕವಾಟ ಮುಚ್ಚುತ್ತದೆ. ಅಲ್ಲಿಂದ ನೇರ ಮೇಲಕ್ಕೆ, ಡಯಾಸ್ಟಾಲಿಕ್ ಬಿಪಿಯವರೆಗೆ, ಅಂದರೆ ಸುಮಾರು 70. ಅಲ್ಲಿ ಅಯೋರ್ಟಿಕ್ ಕವಾಟ ತೆರೆದು ರೇಖೆ ಎಡಕ್ಕೆ ಗುಮ್ಮಟದಂತೆ ಬಾಗಿ (50, 100) ತಲುಪುತ್ತದೆ. ಆ ಗುಮ್ಮಟದ ತುದಿ ಎಡ ಮೂಲೆಯ ಎತ್ತರಕ್ಕಿಂತ ಮೇಲೆ ಹೋಗಬಹುದು, ತಪ್ಪಲ್ಲ. ಗಡಿ ಮುಟ್ಟುವುದು ಎಡ ಮೂಲೆಯೇ ಹೊರತು ತುದಿಯಲ್ಲ. ಅಲ್ಲಿಂದ ನೇರ ಕೆಳಕ್ಕೆ ಇಳಿದು, ಮೈಟ್ರಲ್ ತೆರೆದ ಮೇಲೆ ಬಲಕ್ಕೆ. ತುಂಬುವಿಕೆಯ ಮೊದಲ ಭಾಗದಲ್ಲಿ ಸ್ನಾಯು ಇನ್ನೂ ಸಡಿಲಗೊಳ್ಳುತ್ತಲೇ ಇರುವುದರಿಂದ ಒತ್ತಡ ಮತ್ತೂ ಸ್ವಲ್ಪ ಇಳಿಯುತ್ತದೆ. ಆದ್ದರಿಂದ ಲೂಪಿನ ತಳವನ್ನೆಲ್ಲ ಕೆಳಗಿನ ಗಡಿಗೆ ಅಂಟಿಸಬೇಡಿ, ಬಲತುದಿಯೊಂದೇ ಖಚಿತವಾಗಿ ಅದರ ಮೇಲೆ ಕೂರುತ್ತದೆ.

ಹೆಜ್ಜೆ 4: ಸೋತ ಹೃದಯ, ಅದೇ ಹಾಳೆಯಲ್ಲಿ

ಎರಡನೇ ರೋಗಿಯ ಡಯಾಸ್ಟೊಲಿ ಅಂತ್ಯದ ವಾಲ್ಯೂಮ್ 200, ಸಿಸ್ಟೊಲಿ ಅಂತ್ಯದ್ದು 150. ಸ್ಟ್ರೋಕ್ ವಾಲ್ಯೂಮ್ 50, ಇಜೆಕ್ಷನ್ ಫ್ರಾಕ್ಷನ್ ಶೇ 25. ಬಿಪಿ ಅದೇ 110, ಆದ್ದರಿಂದ ಸಿಸ್ಟೊಲಿ ಅಂತ್ಯದ ಒತ್ತಡ ಮತ್ತೆ 100. ಹಿಗ್ಗಿದ ಕೋಣೆಯಲ್ಲಿ V0 ಕೂಡ ಬಲಕ್ಕೆ ಸರಿದಿರುತ್ತದೆ, 50 ಎನ್ನಿ. ಮೇಲಿನ ಗಡಿಯ ಇಳಿಜಾರು 100/100, ಅಂದರೆ 1. ಧಮನಿಯದು 100/50, ಅಂದರೆ 2. ಮೊದಲ ಹೃದಯದಲ್ಲಿ ವೆಂಟ್ರಿಕಲ್ಲಿನ ಗೆರೆ ಕಡಿದಾಗಿತ್ತು, ಇಲ್ಲಿ ಅದು ಮಲಗಿದೆ, ಧಮನಿಯದು ಎದ್ದು ನಿಂತಿದೆ.

ವೆಂಟ್ರಿಕಲ್ಲಿನ ಇಳಿಜಾರನ್ನು Ees, ಧಮನಿಯದನ್ನು Ea, ಡಯಾಸ್ಟೊಲಿ ಅಂತ್ಯದ ವಾಲ್ಯೂಮನ್ನು EDV, ಸ್ಟ್ರೋಕ್ ವಾಲ್ಯೂಮನ್ನು SV, ಸಿಸ್ಟೊಲಿ ಅಂತ್ಯದ ಒತ್ತಡವನ್ನು ESP ಎಂದು ಬರೆದು, ಎರಡೂ ಗೆರೆಗಳ ಸಮೀಕರಣ ಬಿಡಿಸಿದರೆ ಸಿಗುವುದು ಇಷ್ಟು:

```
SV  = Ees × (EDV − V0) / (Ees + Ea)
ESP = Ea × SV
```

ಔಷಧ ಇಬ್ಬರ ಧಮನಿಯ ಇಳಿಜಾರನ್ನೂ ಕಾಲುಭಾಗ ಇಳಿಸಿತು ಎನ್ನೋಣ, ಸದ್ಯಕ್ಕೆ ತುಂಬುವಿಕೆ ಬದಲಾಗಿಲ್ಲ. ಆರೋಗ್ಯವಂತರಲ್ಲಿ 1.43 ಇದ್ದದ್ದು 1.07 ಆಯಿತು. ಸ್ಟ್ರೋಕ್ ವಾಲ್ಯೂಮ್ 2.5 × 110 / 3.57, ಅಂದರೆ 77. ಸಿಸ್ಟೊಲಿ ಅಂತ್ಯದ ಒತ್ತಡ 82. ಗಳಿಸಿದ್ದು 7 ಮಿ.ಲೀ., ಕಳೆದುಕೊಂಡದ್ದು 18 ಮಿ.ಮೀ. ಸೋತ ಹೃದಯದಲ್ಲಿ 2 ಇದ್ದದ್ದು 1.5 ಆಯಿತು. ಸ್ಟ್ರೋಕ್ ವಾಲ್ಯೂಮ್ 1 × 150 / 2.5, ಅಂದರೆ 60, ಒತ್ತಡ 90. ಗಳಿಸಿದ್ದು 10, ಕಳೆದುಕೊಂಡದ್ದು 10. ಗ್ರಾಫಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕಡಿದಾದ ಗೆರೆಯ ಮೇಲೆ ಜಾರಿದ ಬಿಂದು ಹೆಚ್ಚಾಗಿ ಕೆಳಕ್ಕೆ ಹೋಗುತ್ತದೆ, ಮಲಗಿದ ಗೆರೆಯ ಮೇಲೆ ಜಾರಿದ್ದು ಎಡಕ್ಕೂ ಅಷ್ಟೇ ಸಾಗುತ್ತದೆ.

ನಿಜವಾದ ರೋಗಿಯಲ್ಲಿ ನೈಟ್ರೊಪ್ರುಸೈಡ್‌ನಂಥ ಔಷಧ ಸಿರೆಗಳನ್ನೂ ಹಿಗ್ಗಿಸಿ ತುಂಬುವಿಕೆಯನ್ನೂ ತಗ್ಗಿಸುತ್ತದೆ. ಸೋತ ಹೃದಯದ 200 ಮಿ.ಲೀ. 190ಕ್ಕೆ ಇಳಿದರೂ ಸ್ಟ್ರೋಕ್ ವಾಲ್ಯೂಮ್ 56, ಇನ್ನೂ ಲಾಭವೇ. ಒತ್ತಡ ಮಾತ್ರ 84ಕ್ಕೆ ಬಂತು, ಗಮನಿಸಿ.

ಈ ಲೆಕ್ಕದೊಳಗೇ ಒಂದು ಎಚ್ಚರಿಕೆಯೂ ಇದೆ. ಇಜೆಕ್ಷನ್ ಫ್ರಾಕ್ಷನ್ ಶೇ 25ರಿಂದ 30ಕ್ಕೆ ಏರಿತು, ಆದರೆ ಮೇಲಿನ ಗಡಿಯ ಇಳಿಜಾರು ಮೊದಲೂ 1, ಈಗಲೂ 1. ಸ್ನಾಯುವಿನ ಶಕ್ತಿ ಎಳ್ಳಷ್ಟೂ ಬದಲಾಗಿಲ್ಲ. ಎಕೋ ವರದಿಯ ಒಂದು ಅಂಕಿ ನೋಡಿ 'ಕಾಂಟ್ರಾಕ್ಟಿಲಿಟಿ ಸುಧಾರಿಸಿದೆ' ಎಂದು ರೌಂಡ್ಸ್‌ನಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಆಗ ಬಿಪಿ ಎಷ್ಟಿತ್ತು ಎಂದು ಕೇಳಿ.

ದ್ರವ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಇದೇ ಸೂತ್ರ ಸಾಕು. ಧಮನಿಯ ಗೆರೆಯ ಬುಡ ಬಲಕ್ಕೆ ಸರಿಯುತ್ತದೆ, ಇಳಿಜಾರು ಹಾಗೇ ಇರುತ್ತದೆ. ತುಂಬಿದ 20 ಮಿ.ಲೀ.ಗೆ ಆರೋಗ್ಯವಂತ ಹೃದಯ 13 ಮಿ.ಲೀ.ನಷ್ಟು ಹೆಚ್ಚು ಹೊರಹಾಕುತ್ತದೆ, ಸೋತದ್ದು 7. ಅಷ್ಟರಲ್ಲಿ ಅದು ಕೆಳಗಿನ ಗಡಿಯ ಕಡಿದಾದ ತುದಿಯಲ್ಲಿ ಮೇಲೇರಿ, ತುಂಬುವಿಕೆಯ ಒತ್ತಡ ಶ್ವಾಸಕೋಶಕ್ಕೆ ನೀರು ಹತ್ತಿಸುವ ಮಟ್ಟಕ್ಕೆ ಬಂದಿರಬಹುದು.

ಎಲ್ಲಿ ಕೈಕೊಡುತ್ತದೆ?

ಒಂದೇ ಲೂಪಿನಿಂದ ಮೇಲಿನ ಗಡಿ ಸಿಗುವುದಿಲ್ಲ. ಸಿಗುವುದು ಅದರ ಮೇಲಿನ ಒಂದು ಬಿಂದು, ಇಳಿಜಾರು ನಾವು V0ಗೆ ಕೊಟ್ಟ ಊಹೆಯ ಮೇಲೆ ನಿಂತಿದೆ. ಸೋತ ಹೃದಯಕ್ಕೆ V0 50ರ ಬದಲು 0 ಎಂದಿದ್ದರೆ ಇಳಿಜಾರು 1ರ ಬದಲು 0.67 ಆಗುತ್ತಿತ್ತು. ಪ್ರಯೋಗಶಾಲೆಯಲ್ಲಿ ಇದಕ್ಕೆ ಕಂಡಕ್ಟೆನ್ಸ್ ಕ್ಯಾಥಿಟರ್ ಇಟ್ಟು, ಕೆಳಗಿನ ಮಹಾಸಿರೆಯನ್ನು ಬಲೂನಿನಿಂದ ತಡೆದು, ರಿಫ್ಲೆಕ್ಸ್ ಜಾಗೃತವಾಗುವ ಮೊದಲಿನ ಕೆಲವೇ ಸೆಕೆಂಡುಗಳಲ್ಲಿ ಕುಗ್ಗುತ್ತಾ ಹೋಗುವ ಲೂಪುಗಳ ಸಾಲನ್ನು ಹಿಡಿಯುತ್ತಾರೆ. ನಿಧಾನ ಮಾಡಿದರೆ ಹೃದಯದ ಗತಿ ಏರುತ್ತದೆ, ಎಡ ಮೂಲೆಗಳು ಗೆರೆ ಬಿಟ್ಟು ಚದುರುತ್ತವೆ. ಅಂಥ ಸಾಲಿನ ಮೊದಲ ಕೆಲವು ಬಡಿತಗಳನ್ನಷ್ಟೇ ನಂಬಬೇಕು. ಆ ಕ್ಯಾಥಿಟರ್ ಗೋಡೆಯ ಸ್ನಾಯುವಿನ ವಾಹಕತೆಯನ್ನೂ ರಕ್ತದ್ದೆಂದೇ ಎಣಿಸುವುದರಿಂದ, ಆ ಪಾಲನ್ನು ಕಳೆಯದಿದ್ದರೆ ಇಡೀ ಲೂಪ್ ಬಲಕ್ಕೆ ಸರಿದಂತೆ ಕಾಣುತ್ತದೆ.

ಮೈಟ್ರಲ್ ಸೋರಿಕೆ ಇದ್ದಾಗ ಈ ಲೆಕ್ಕವನ್ನು ಹಾಕಲೇಬೇಡಿ. ಅಯೋರ್ಟಿಕ್ ಕವಾಟ ತೆರೆಯುವ ಮೊದಲೇ ರಕ್ತ ಏಟ್ರಿಯಮ್ಮಿಗೆ ಹಿಂದಕ್ಕೆ ನುಗ್ಗುವುದರಿಂದ ಲೂಪಿನ ಬಲಗೋಡೆ ನೆಟ್ಟಗಿರದೆ ಎಡಕ್ಕೆ ವಾಲುತ್ತದೆ, ಎಡಗೋಡೆಯೂ ಓರೆಯಾಗುತ್ತದೆ. ಲೂಪಿನ ಅಗಲ ಆಗ ಧಮನಿಗೆ ಹೋದದ್ದನ್ನೂ ಹಿಂದಕ್ಕೆ ಹೋದದ್ದನ್ನೂ ಕೂಡಿಸಿ ತೋರಿಸುತ್ತದೆ.