ಮಾರ್ಚ್ 31ರ ಗೇರುಬೀಜ ದಾಸ್ತಾನು: ಮೌಲ್ಯ ಇಳಿಸುವಾಗ ಗಮನಿಸಿ

ಮಂಗಳೂರಿನ ಗೇರುಬೀಜ ವ್ಯಾಪಾರಿಗಳು ಮಾರ್ಚ್ 31ರ ದಾಸ್ತಾನಿಗೆ ಬೆಲೆ ಕಟ್ಟುವಾಗ ಗೋದಾಮನ್ನು ಒಟ್ಟಾಗಿ ನೋಡದೆ ಪ್ರತಿ ದರ್ಜೆಯನ್ನೂ ಬೇರೆಯಾಗಿ ಲೆಕ್ಕ ಹಾಕಬೇಕು. ಇಡೀ ಬೀಜದ ಲಾಭದಲ್ಲಿ ತುಂಡುಬೀಜದ ನಷ್ಟವನ್ನು ಮುಚ್ಚುವುದು ತಪ್ಪು. ಉದಾಹರಣೆಗೆ, ಕಿಲೋಗೆ 620 ರೂಪಾಯಿ ಅಸಲು ಬಿದ್ದ 400 ಕಿಲೋ ತುಂಡುಬೀಜ 600ಕ್ಕೆ ಮಾತ್ರ ಮಾರಾಟವಾಗುವಂತಿದ್ದು, ಹಲವರು ಮರೆತೇಬಿಡುವ ದಲ್ಲಾಳಿ ಮತ್ತು ಪ್ಯಾಕಿಂಗ್ ಖರ್ಚು 15 ರೂಪಾಯಿ ತಗಲುವುದಾದರೆ, ನಿವ್ವಳ ವಸೂಲಿ ಮೌಲ್ಯ 585 ಆಗುತ್ತದೆ. ಆದ್ದರಿಂದ ಕಿಲೋಗೆ 35ರಂತೆ 14,000 ರೂಪಾಯಿಯನ್ನು ಈ ವರ್ಷದ ಖರ್ಚಿಗೇ ಬರೆಯಬೇಕು. ಏಪ್ರಿಲ್ ಮೊದಲ ವಾರದ ಮಾರಾಟದ ಬಿಲ್ಲುಗಳನ್ನು ಪುರಾವೆಯಾಗಿ ಜೋಡಿಸಿಡಿ. ಇನ್ನೂ ಒಡೆಯದ ಕಚ್ಚಾ ಬೀಜದ ಧಾರಣೆ ಇಳಿದಿದೆ ಎಂಬ ಒಂದೇ ಕಾರಣಕ್ಕೆ ಅದರ ಮೌಲ್ಯವನ್ನು ಇಳಿಸಬೇಡಿ. ಅದರಿಂದ ಬರುವ ತಿರುಳು ತನ್ನ ಅಸಲಿಗೋ ಅದಕ್ಕಿಂತ ಹೆಚ್ಚಿಗೋ ಮಾರಾಟವಾಗುವಂತಿದ್ದರೆ, ಕಚ್ಚಾ ಬೀಜವನ್ನು ಅಸಲಿನಲ್ಲೇ ಉಳಿಸಬೇಕು.