ಆಮ್ಲದ ಪಿಎಚ್ 8 ಬಂದರೆ ಲೆಕ್ಕ ಎಲ್ಲಿ ತಪ್ಪಿತು?

ಚಿಕ್ಕಮಗಳೂರಿನಲ್ಲಿ ಬೆಳಿಗ್ಗೆ ಆರೂವರೆಗೆ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಜನವರಿಯಲ್ಲಿ ಅರ್ಧ ಮಕ್ಕಳು ಸ್ವೆಟರ್ ತೋಳಿನೊಳಗೆ ಕೈ ಮುದುರಿಕೊಂಡೇ ಕೂತಿರುತ್ತಾರೆ. ಅಂಥ ಒಂದು ಬೆಳಿಗ್ಗೆ ಕೇಳಿದೆ: 10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಮುಂದಿನ ಬೆಂಚಿನ ಹುಡುಗಿ ತಟ್ಟನೆ "ಎಂಟು ಸರ್" ಎಂದಳು. ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಎಂಟು ಅಂದ್ರೆ ಪ್ರತ್ಯಾಮ್ಲ ಆಯ್ತಲ್ಲಾ ಸರ್. ನೀರಿಗೆ ಆಮ್ಲ ಹಾಕಿದ್ರೆ ಅದು ಪ್ರತ್ಯಾಮ್ಲ ಹೇಗಾಗುತ್ತೆ?"

ಆಗುವುದಿಲ್ಲ. ಹುಡುಗಿ ಆಮ್ಲವನ್ನು ಲೆಕ್ಕಕ್ಕೆ ತಗೊಂಡಳು, ನೀರನ್ನು ಬಿಟ್ಟಳು. ನೀರು ತಾನೇ ಸ್ವಲ್ಪ ಒಡೆದು ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳನ್ನು ಕೊಡುತ್ತದೆ. ಇವೆರಡರ ಸಾರತೆಯನ್ನು ಗುಣಿಸಿದರೆ ಸಿಗುವುದೇ ನೀರಿನ ಅಯಾನಿಕ ಗುಣಲಬ್ಧ, Kw. ಇದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 10⁻¹⁴. ಅಂದರೆ ಶುದ್ಧ ನೀರಿನಲ್ಲೇ 10⁻⁷ರಷ್ಟು ಹೈಡ್ರೋಜನ್ ಅಯಾನು ಇದೆ. ನಾವು ಹಾಕಿದ ಆಮ್ಲ ಕೊಡುವುದು ಅದರ ಹತ್ತನೇ ಒಂದು ಭಾಗ ಮಾತ್ರ! ಆಮ್ಲ 10⁻³ ಇದ್ದಾಗ ನೀರಿನ ಪಾಲು ಕಣ್ಣಿಗೇ ಬೀಳುವುದಿಲ್ಲ. 10⁻⁶ಕ್ಕೆ ಇಳಿದಾಗ ಅದು ಶೇ. 1ರಷ್ಟಾಗುತ್ತದೆ. ಅದಕ್ಕಿಂತ ಕೆಳಗೆ ನೀರನ್ನು ಬಿಡುವಂತಿಲ್ಲ.

ಹಾಗಂತ ಸುಮ್ನೆ 10⁻⁷ಕ್ಕೆ 10⁻⁸ ಕೂಡಿಸಿಬಿಟ್ಟರೆ 6.96 ಬರುತ್ತದೆ. ಜಾಣ ಮಕ್ಕಳು ಬೀಳುವ ಗುಂಡಿ ಇದು. ಆಮ್ಲದಿಂದ ಹೈಡ್ರೋಜನ್ ಅಯಾನು ಬಂದ ಕೂಡಲೇ ನೀರು ಒಡೆಯುವುದು ಕಡಿಮೆಯಾಗುತ್ತದೆ. ಈಗ ಅದು ಪೂರ್ತಿ 10⁻⁷ ಕೊಡುವುದಿಲ್ಲ.

ಸರಿಯಾದ ದಾರಿ ಇದು. ದ್ರಾವಣದಲ್ಲಿರುವ ಒಟ್ಟು ಹೈಡ್ರೋಜನ್ ಅಯಾನನ್ನು x ಅನ್ನೋಣ. ಧನ ವಿದ್ಯುದಂಶ ಎಷ್ಟಿದೆಯೋ ಋಣ ವಿದ್ಯುದಂಶವೂ ಅಷ್ಟೇ ಇರಬೇಕು. ಋಣದ ಕಡೆ ಕ್ಲೋರೈಡ್ 10⁻⁸ ಇದೆ, ಉಳಿದದ್ದು ಹೈಡ್ರಾಕ್ಸೈಡ್. ಆದ್ದರಿಂದ ಹೈಡ್ರಾಕ್ಸೈಡ್ x − 10⁻⁸. ಎರಡನ್ನೂ ಗುಣಿಸಿ Kwಗೆ ಸಮ ಮಾಡಿ:

x(x − 10⁻⁸) = 10⁻¹⁴

ಈ ವರ್ಗ ಸಮೀಕರಣ ಬಿಡಿಸಿದರೆ x = 1.05 × 10⁻⁷, ಪಿಎಚ್ 6.98. ತಾಳೆ ನೋಡುವುದೂ ಸುಲಭ. ಹೈಡ್ರಾಕ್ಸೈಡ್ 0.95 × 10⁻⁷ ಆಯಿತು. 1.05ನ್ನು 0.95ರಿಂದ ಗುಣಿಸಿದರೆ ಹತ್ತಿರ ಹತ್ತಿರ 1.

ಹುಡುಗ ಬಿಡಲಿಲ್ಲ. "ಹಾಗಾದ್ರೆ ಆಮ್ಲ ಅಂದ್ರೆ ಯಾವಾಗ್ಲೂ ಏಳಕ್ಕಿಂತ ಕಡಿಮೆ, ಅಲ್ವಾ ಸರ್?" ನಾನು ಗೋಡೆಯ ಥರ್ಮಾಮೀಟರ್ ತೋರಿಸಿದೆ. ಅದರಲ್ಲಿ 15 ಡಿಗ್ರಿ ಇತ್ತು.

ನೀರು ಒಡೆಯಲು ಶಾಖ ಬೇಕು. ಬಿಸಿಯಾದಷ್ಟೂ ಜಾಸ್ತಿ ಒಡೆಯುತ್ತದೆ, ತಣ್ಣಗಾದಷ್ಟೂ ಕಡಿಮೆ. 15 ಡಿಗ್ರಿಯಲ್ಲಿ Kw ಸುಮಾರು 0.45 × 10⁻¹⁴. ಇದರ ವರ್ಗಮೂಲ ತೆಗೆದರೆ ತಟಸ್ಥ ನೀರಿನ ಪಿಎಚ್ 7.17 ಬರುತ್ತದೆ, 7 ಅಲ್ಲ. ಈಗ ಅದೇ ಸಮೀಕರಣದ ಬಲಗಡೆ ಈ ಹೊಸ Kw ಇಡಿ. x = 0.72 × 10⁻⁷, ಪಿಎಚ್ 7.14. ಏಳಕ್ಕಿಂತ ಜಾಸ್ತಿ! ಆದರೂ ಇದು ಆಮ್ಲವೇ. ಏಕೆಂದರೆ ಆ ಚಳಿಯಲ್ಲಿ ತಟಸ್ಥದ ಗೆರೆ 7.17ರಲ್ಲಿದೆ, ನಮ್ಮ ದ್ರಾವಣ ಅದಕ್ಕಿಂತ ಕೆಳಗಿದೆ.

ಬಿಸಿ ಕಡೆಗೂ ಹೋಗಿ ನೋಡಿ. 50 ಡಿಗ್ರಿಯಲ್ಲಿ Kw ಸುಮಾರು 5.5 × 10⁻¹⁴. ಏನೂ ಬೆರೆಸದ ಶುದ್ಧ ನೀರಿನ ಪಿಎಚ್ಚೇ 6.63. ಅದು ಆಮ್ಲ ಆಗಿಲ್ಲ. ಹೈಡ್ರೋಜನ್, ಹೈಡ್ರಾಕ್ಸೈಡ್ ಎರಡೂ ಸಮವಾಗಿ ಹೆಚ್ಚಿವೆ. ಹಾಗಾಗಿ ಲೆಕ್ಕ ಶುರುಮಾಡುವ ಮೊದಲೇ ಉಷ್ಣತೆ ಕೇಳಿ, ಆ ಉಷ್ಣತೆಯ Kw ಹುಡುಕಿ, ತಟಸ್ಥ ಪಿಎಚ್ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಕೊನೆಗೆ ಉತ್ತರವನ್ನು ಅದರೊಡನೆ ಹೋಲಿಸಿ, ಏಳರೊಡನೆ ಅಲ್ಲ.

"ಮೀಟರ್ ಇಟ್ಟು ನೋಡೋಣ ಸರ್" ಎಂದಳು ಮುಂದಿನ ಬೆಂಚಿನ ಹುಡುಗಿ. ಬಟ್ಟಿ ಇಳಿಸಿದ ನೀರನ್ನೇ ಬೀಕರಿಗೆ ಹಾಕಿ ಎಲೆಕ್ಟ್ರೋಡ್ ಅದ್ದಿದೆವು. ಅಂಕಿ ಒಂದು ಕಡೆ ನಿಲ್ಲಲಿಲ್ಲ, ನಿಧಾನವಾಗಿ ಇಳಿಯುತ್ತಲೇ ಹೋಯಿತು. ಇಷ್ಟು ಕಡಿಮೆ ಅಯಾನು ಇರುವ ನೀರಿನಲ್ಲಿ ಎಲೆಕ್ಟ್ರೋಡ್‌ಗೆ ಹಿಡಿತ ಸಿಗುವುದಿಲ್ಲ. ಜೊತೆಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗುತ್ತಾ ಹೋಗುತ್ತದೆ. ತೆರೆದಿಟ್ಟ ನೀರು ಕೊನೆಗೆ ಸುಮಾರು 5.6ಕ್ಕೆ ಬರುತ್ತದೆ. ಆಗ ಅದರಲ್ಲಿರುವ ಹೈಡ್ರೋಜನ್ ಅಯಾನು ನಮ್ಮ ಆಮ್ಲ ಕೊಡುವುದರ ಸುಮಾರು 250 ಪಟ್ಟು! ಮೀಟರಿನ ಉಷ್ಣತೆ ಸರಿಪಡಿಸುವ ಗುಂಡಿಯೂ ಇಲ್ಲಿ ನೆರವಾಗದು. ಅದು ಎಲೆಕ್ಟ್ರೋಡ್ ಕೊಡುವ ವೋಲ್ಟೇಜಿನ ಲೆಕ್ಕವನ್ನಷ್ಟೇ ತಿದ್ದುತ್ತದೆ, ನೀರಿನ Kwಯನ್ನು 25 ಡಿಗ್ರಿಗೆ ತರುವುದಿಲ್ಲ. 6.98 ನಿಜವಾಗಿ ಕಾಣಬೇಕಾದರೆ ನೀರಿನಲ್ಲಿ ನೈಟ್ರೋಜನ್ ಹಾಯಿಸಿ, ಗಾಳಿ ಸೋಕದಂತೆ ಮುಚ್ಚಿ ಅಳೆಯಬೇಕು. ನಮ್ಮಲ್ಲಿ ಅದಿಲ್ಲ. ಹುಡುಗಿ ನೋಟ್‌ಬುಕ್‌ನಲ್ಲಿ 8ನ್ನು ಹೊಡೆದು ಹಾಕಿ, 6.98ರ ಪಕ್ಕ "25°C" ಎಂದು ಬರೆದುಕೊಂಡಳು.