ಹೈಬ್ರಿಡ್ ಸಭೆಯ ನಡಾವಳಿ ನಾನು ಹೇಗೆ ಬರೆಯುತ್ತೇನೆ

ಒಂದು ಸಮಿತಿಯ ಸಭೆಗಳ ನಡಾವಳಿ ಬರೆಯುವ ಕೆಲಸ ನನ್ನದು. ಒಟ್ಟು 9 ಜನ ಸದಸ್ಯರು. ಕೋರಂ, ಅಂದರೆ ಸಭೆ ನಡೆಯಲು ಕಡಿಮೆಯೆಂದರೂ ಹಾಜರಿರಬೇಕಾದವರು, 5. ವಿಡಿಯೊದಲ್ಲಿ ಅಥವಾ ಫೋನಿನಲ್ಲಿ ಸೇರಿದವರನ್ನೂ ಕೋರಂಗೆ ಲೆಕ್ಕ ಹಿಡಿಯಬಹುದು ಅಂತ ನಮ್ಮ ನಿಯಮಾವಳಿಯಲ್ಲೇ ಇದೆ. ನಿಮ್ಮಲ್ಲಿ ಹಾಗಿಲ್ಲದೆ ಇರಬಹುದು. ಅದನ್ನು ಮೊದಲೇ ನೋಡಿಕೊಳ್ಳಿ, ಏಕೆಂದರೆ ಮುಂದೆ ನಾನು ಹೇಳುವುದೆಲ್ಲ ಅದರ ಮೇಲೇ ನಿಂತಿದೆ.

ಎಲ್ಲರೂ ಒಂದೇ ಕೊಠಡಿಯಲ್ಲಿ ಕೂತಿದ್ದರೆ ಹಾಜರಾತಿಯನ್ನು ಮೇಲೆ ಒಂದು ಸಲ ಬರೆದರೆ ಮುಗಿಯಿತು. ಯಾರಾದರೂ ಎದ್ದು ಹೋದರೆ ಕಣ್ಣಿಗೆ ಕಾಣುತ್ತದೆ. ಕೆಲವರು ಕೊಠಡಿಯಲ್ಲಿ, ಕೆಲವರು ದೂರದಿಂದ ಸೇರುವ ಹೈಬ್ರಿಡ್ ಸಭೆಯಲ್ಲಿ ಹಾಗಲ್ಲ. ಪರದೆಯ ಮೇಲೆ ಹೆಸರು ಇರುತ್ತದೆ, ಆದರೆ ಆ ಮನುಷ್ಯರಿಗೆ ಏನೂ ಕೇಳಿಸುತ್ತಿರುವುದಿಲ್ಲ. ನಾಳೆ ಯಾರಾದರೂ ಒಂದು ನಿರ್ಣಯವನ್ನು ಪ್ರಶ್ನಿಸಿದರೆ ಕೇಳುವುದು ಒಂದೇ ಮಾತು: ಆ ಹೊತ್ತಿನಲ್ಲಿ ಯಾರು ಯಾರಿಗೆ ಕೇಳಿಸುತ್ತಿತ್ತು, ಯಾರು ಮಾತಾಡಬಹುದಿತ್ತು? ನಾನು ಬರೆಯುವ ನಡಾವಳಿ ಅದಕ್ಕೆ ಉತ್ತರ ಕೊಡಬೇಕು.

ಹಾಗಾಗಿ ಹಾಜರಾತಿಗೆ ನಾನು ಒಂದು ಪಟ್ಟಿ ಇಟ್ಟುಕೊಳ್ಳುತ್ತೇನೆ. ಹೆಸರು, ಸೇರಿದ ರೀತಿ, ಸೇರಿದ ಸಮಯ, ಬಿಟ್ಟ ಸಮಯ, ಮತ್ತೆ ಸೇರಿದ ಸಮಯ, ಆಗ ಯಾವ ವಿಷಯ ನಡೆಯುತ್ತಿತ್ತು. ಸೇರಿದ ರೀತಿಗೆ ಮೂರೇ ಪದ: ಕೊಠಡಿ, ವಿಡಿಯೊ, ಫೋನ್. ಸುಮ್ನೆ ‘ಆನ್‌ಲೈನ್’ ಅಂತ ಬರೆಯುವುದಿಲ್ಲ. ವಿಡಿಯೊದಲ್ಲಿ ಇರುವವರಿಗೆ ಪರದೆಯ ಮೇಲಿನ ಕಾಗದ ಕಾಣುತ್ತದೆ, ಚಾಟ್ ಕಾಣುತ್ತದೆ. ಫೋನಿನಲ್ಲಿ ಇರುವವರಿಗೆ ಎರಡೂ ಇಲ್ಲ. ಒಂದು ದಾಖಲೆಯನ್ನು ಪರದೆಯಲ್ಲಿ ತೋರಿಸಿ ಮತ ಹಾಕಿಸಿದರೆ ಈ ವ್ಯತ್ಯಾಸ ದೊಡ್ಡದು. ನಡುವೆ ಯಾರಾದರೂ ವಿಡಿಯೊ ಬಿಟ್ಟು ಫೋನಿಗೆ ಬಂದರೆ ಅದಕ್ಕೂ ಒಂದು ಸಾಲು ಬರೆಯುತ್ತೇನೆ. ಫೋನಿನಿಂದ ಸೇರಿದವರ ನಂಬರ್ ಮಾತ್ರ ನಡಾವಳಿಗೆ ಬರಬಾರದು. ಪರದೆಯಲ್ಲಿ ನಂಬರ್ ಕಂಡ ಕೂಡಲೇ ಯಾರೆಂದು ಕೇಳಿ, ಅಲ್ಲೇ ಹೆಸರು ಹಾಕುತ್ತೇನೆ.

ಸಭೆ ಶುರುವಾಗುವಾಗ ಅಧ್ಯಕ್ಷರು ದೂರದಲ್ಲಿ ಇರುವವರ ಹೆಸರು ಒಬ್ಬೊಬ್ಬರದಾಗಿ ಕರೆಯುತ್ತಾರೆ. ಪ್ರತಿಯೊಬ್ಬರೂ ಮೂರು ವಿಷಯ ಹೇಳಬೇಕು: ತಮ್ಮ ಹೆಸರು, ಕೊಠಡಿಯ ಮಾತು ಕೇಳಿಸುತ್ತಿದೆಯೇ, ತಮ್ಮ ಪಕ್ಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ. ಒಂದೆರಡು ನಿಮಿಷದ ಕೆಲಸ. ‘ಎಲ್ಲರಿಗೂ ಕೇಳಿಸ್ತಿದೆ ಅಲ್ವಾ?’ ಅಂತ ಒಟ್ಟಿಗೆ ಕೇಳಿದರೆ ಪ್ರಯೋಜನವಿಲ್ಲ. ಕೇಳಿಸದವರು ಅದಕ್ಕೆ ಉತ್ತರವನ್ನೇ ಕೊಡುವುದಿಲ್ಲ.

ಒಂದು ಸಭೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳಿದರೆ ಉಳಿದದ್ದು ಸುಲಭವಾಗಿ ತಿಳಿಯುತ್ತದೆ.

ಆ ದಿನ 10:30ಕ್ಕೆ ಸಭೆ ಶುರುವಾಯಿತು. ಕೊಠಡಿಯಲ್ಲಿ ಅಧ್ಯಕ್ಷರೂ ಸೇರಿ ಮೂವರು ಸದಸ್ಯರು, ವಿಡಿಯೊದಲ್ಲಿ ಮೂವರು. ಕೋರಂ ಇತ್ತು. ಫೋನಿನಲ್ಲಿ ಸೇರಬೇಕಿದ್ದವರು 10:41ಕ್ಕೆ, ಒಂದನೇ ವಿಷಯ ಮುಗಿದ ಮೇಲೆ ಬಂದರು. ಹಾಗಾಗಿ ಒಂದನೇ ವಿಷಯಕ್ಕೆ ಹಾಜರು 6, ಎರಡರಿಂದ 7. ಇಬ್ಬರು ಬರುವುದಿಲ್ಲ ಅಂತ ಮೊದಲೇ ತಿಳಿಸಿದ್ದರು. ನಾಲ್ಕನೇ ವಿಷಯ ಚಾವಣಿ ರಿಪೇರಿ. ಮೂರು ಕೊಟೇಶನ್ ಬಂದಿದ್ದವು, ಒಂದನ್ನು ಆರಿಸಬೇಕಿತ್ತು.

ಕೊಟೇಶನ್‌ಗಳನ್ನು ಪರದೆಯ ಮೇಲೆ ಹಾಕಿ ಚರ್ಚೆ ನಡೆಯುತ್ತಿತ್ತು. 11:22ಕ್ಕೆ ಫೋನಿನಲ್ಲಿದ್ದವರು ‘ಯಾರೂ ಮಾತಾಡ್ತಿಲ್ವಾ?’ ಅಂತ ಕೇಳಿದರು. ಕೊಠಡಿಯ ಮೈಕ್ ಸತ್ತಿತ್ತು. ಅವರ ಮಾತು ನಮಗೆ ಕೇಳಿಸುತ್ತಿತ್ತು, ನಮ್ಮ ಮಾತು ಅವರಿಗೆ ಹೋಗುತ್ತಿರಲಿಲ್ಲ. ಎಲ್ಲರೂ ಕಾಗದ ಓದುತ್ತಿದ್ದಾರೆ ಅಂದುಕೊಂಡು ಅವರು ಅಷ್ಟು ಹೊತ್ತು ಸುಮ್ಮನಿದ್ದರು. ಚಾಟ್ ತೆರೆದು ನೋಡಿದರೆ ವಿಡಿಯೊದ ಸದಸ್ಯರೊಬ್ಬರು 11:19ಕ್ಕೇ ‘ಧ್ವನಿ ಬರ್ತಿಲ್ಲ’ ಎಂದು ಬರೆದಿದ್ದರು. ಪರದೆ ತುಂಬ ಕೊಟೇಶನ್ ಇದ್ದದ್ದರಿಂದ ಅದು ಯಾರಿಗೂ ಕಂಡಿರಲಿಲ್ಲ.

ಇಲ್ಲಿ ಕೋರಂ ಲೆಕ್ಕ ನೋಡಿ. ಪರದೆಯ ಪಟ್ಟಿಯಲ್ಲಿ ಎಲ್ಲ ಹೆಸರೂ ಇದೆ. ಆದರೆ ಚರ್ಚೆ ಕೇಳಿಸುತ್ತಿದ್ದದ್ದು ಕೊಠಡಿಯ ಮೂವರಿಗೆ ಮಾತ್ರ, ಕೋರಂ 5. ಆ ಕೆಲವು ನಿಮಿಷಗಳ ಮಾತು ಸಭೆಯ ಮಾತೇ ಅಲ್ಲ. ಅಧ್ಯಕ್ಷರು ಕೂಡಲೇ ಚರ್ಚೆ ನಿಲ್ಲಿಸಿದರು. ಕೇಬಲ್ ಬದಲಾಯಿಸಿ 11:27ಕ್ಕೆ ಧ್ವನಿ ಸರಿಹೋಯಿತು. ಆಗ ಅವರು ಕೇಳಿದ ಪ್ರಶ್ನೆ ನನಗೆ ತುಂಬಾ ಮೆಚ್ಚುಗೆಯಾಯಿತು: ‘ನಿಮಗೆ ಕೊನೆಗೆ ಕೇಳಿಸಿದ ಮಾತು ಯಾವುದು?’ ನಾಲ್ವರೂ ಎರಡನೇ ಕೊಟೇಶನ್‌ನ ಗ್ಯಾರಂಟಿ ವಿಷಯದವರೆಗೆ ಕೇಳಿಸಿತ್ತು ಎಂದರು. ಅಲ್ಲಿಂದ ಮುಂದಿನ ಚರ್ಚೆ ಮತ್ತೆ ಮೊದಲಿನಿಂದ ನಡೆಯಿತು.

ನಡಾವಳಿಯಲ್ಲಿ ನಾನು ಬರೆದದ್ದು ಹೀಗೆ: ‘11:19ರ ಸುಮಾರಿಗೆ ಕೊಠಡಿಯ ಮೈಕ್ ಕೆಟ್ಟು, ವಿಡಿಯೊ ಹಾಗೂ ಫೋನಿನಲ್ಲಿದ್ದ ನಾಲ್ವರು ಸದಸ್ಯರಿಗೆ ಕೊಠಡಿಯ ಮಾತು ಕೇಳಿಸಲಿಲ್ಲ. 11:22ಕ್ಕೆ ಇದು ತಿಳಿದು ಅಧ್ಯಕ್ಷರು ಚರ್ಚೆ ನಿಲ್ಲಿಸಿದರು. 11:27ಕ್ಕೆ ಧ್ವನಿ ಸರಿಯಾಯಿತು. ನಾಲ್ವರೂ ಕೇಳಿಸುತ್ತಿದೆ ಎಂದು ಒಬ್ಬೊಬ್ಬರಾಗಿ ತಿಳಿಸಿದರು. ನಡುವೆ ಆದ ಚರ್ಚೆಯನ್ನು ಮತ್ತೆ ನಡೆಸಲಾಯಿತು. ಆ ಅವಧಿಯಲ್ಲಿ ಯಾವ ತೀರ್ಮಾನವನ್ನೂ ತೆಗೆದುಕೊಂಡಿಲ್ಲ.’

‘ಸುಮಾರಿಗೆ’ ಎಂಬ ಪದ ಬೇಕೆಂದೇ ಹಾಕಿದ್ದು. ಮೈಕ್ ಯಾವ ನಿಮಿಷ ಸತ್ತಿತು ಎಂಬುದಕ್ಕೆ ಸಾಕ್ಷಿ ಇಲ್ಲ, ಚಾಟ್ ಬಂದ ಸಮಯಕ್ಕೆ ಇದೆ. ಯಾವ ಕಂಪನಿಯ ಮೈಕ್, ಯಾರು ಕೇಬಲ್ ತಂದರು ಅನ್ನುವುದು ನಡಾವಳಿಗೆ ಬೇಡ. ಯಾರಿಗೆ ತೊಂದರೆಯಾಯಿತು, ಎಷ್ಟು ಹೊತ್ತು, ಯಾವ ವಿಷಯದ ನಡುವೆ, ಅಧ್ಯಕ್ಷರು ಏನು ಮಾಡಿದರು, ತಪ್ಪಿಹೋದ ಮಾತಿಗೆ ಏನಾಯಿತು. ಇಷ್ಟಿದ್ದರೆ ಸಾಕು.

ಅದೇ ವಿಷಯದಲ್ಲಿ ಇನ್ನೊಂದು ನಡೆಯಿತು. 11:31ಕ್ಕೆ ವಿಡಿಯೊದಲ್ಲಿದ್ದ ಸದಸ್ಯೆಯೊಬ್ಬರ ಚಿತ್ರ ಅಲುಗಾಡದೆ ನಿಂತಿತು. ಅಧ್ಯಕ್ಷರು ಹೆಸರು ಹಿಡಿದು ಕರೆದರೂ ಉತ್ತರ ಬರಲಿಲ್ಲ. ಸುಮಾರು ಒಂದು ನಿಮಿಷದ ಮೇಲೆ ಪಟ್ಟಿಯಿಂದ ಅವರ ಹೆಸರೂ ಹೋಯಿತು. ಒಬ್ಬರ ನೆಟ್ ಹೋದರೆ ಅದು ಆ್ಯಪ್‌ಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರವರೆಗೆ ಹೆಸರು ಉಳಿದಿರುತ್ತದೆ. ನಾನು ಬರೆದುಕೊಂಡದ್ದು ಕರೆದಾಗ ಉತ್ತರ ಬಾರದ ಸಮಯವನ್ನು, ಅಂದರೆ 11:31. ಅಧ್ಯಕ್ಷರು ಸ್ವಲ್ಪ ಕಾದು, ಉಳಿದ ಆರು ಜನರ ಕೋರಂ ಇದೆ ಎಂದು ಹೇಳಿ, 11:34ಕ್ಕೆ ಮತಕ್ಕೆ ಹಾಕಿದರು.

ಹೈಬ್ರಿಡ್ ಸಭೆಯಲ್ಲಿ ಕೈ ಎತ್ತಿಸಿ ಮತ ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಫೋನಿನಲ್ಲಿ ಇರುವವರ ಕೈ ಕಾಣುವುದಿಲ್ಲ, ಸಣ್ಣ ಚೌಕದಲ್ಲಿ ಇರುವವರ ಕೈ ಚೌಕದ ಹೊರಗೇ ಉಳಿಯಬಹುದು. ಹೆಸರು ಕರೆದು ಬಾಯಲ್ಲೇ ಹೇಳಿಸುತ್ತೇವೆ. ಪರ 5, ವಿರೋಧ 1. ಅಧ್ಯಕ್ಷರು ಫಲಿತಾಂಶ ಹೇಳಿದ ಮೇಲೆ, 11:36ಕ್ಕೆ, ಆ ಸದಸ್ಯೆ ವಾಪಸ್ ಬಂದರು. ತಮ್ಮ ಮತವನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು. ಫಲಿತಾಂಶ ಹೇಳಿಯಾಗಿದ್ದರಿಂದ ಎಣಿಕೆ ಬದಲಾಗುವುದಿಲ್ಲ ಎಂದು ಅಧ್ಯಕ್ಷರು ತಿಳಿಸಿದರು.

ಇಂಥ ಕಡೆ ‘ತಟಸ್ಥ 1’ ಎಂದು ಬರೆಯುವುದನ್ನು ಬೇರೆ ಕಡತಗಳಲ್ಲಿ ನೋಡಿದ್ದೇನೆ. ಅದು ಸರಿಯಲ್ಲ. ತಟಸ್ಥ ಎಂದರೆ ಸಭೆಯಲ್ಲಿದ್ದು, ವಿಷಯ ಕೇಳಿಸಿಕೊಂಡು, ಮತ ಹಾಕದೆ ಇರುವುದು. ಇವರು ಆಗ ಸಭೆಯಲ್ಲೇ ಇರಲಿಲ್ಲ. ನಾನು ಬರೆದದ್ದು: ‘ಸಂಪರ್ಕ ತಪ್ಪಿದ್ದರಿಂದ (11:31ರಿಂದ 11:36) ಮತದಾನದಲ್ಲಿ ಭಾಗವಹಿಸಿಲ್ಲ. ಫಲಿತಾಂಶ ಪ್ರಕಟವಾದ ಮೇಲೆ ಮತ್ತೆ ಸೇರಿದರು.’ ಅವರ ಕೋರಿಕೆಯನ್ನೂ, ಅಧ್ಯಕ್ಷರು ಕೊಟ್ಟ ಉತ್ತರವನ್ನೂ ಒಂದೊಂದು ಸಾಲಿನಲ್ಲಿ ಕೆಳಗೆ ಹಾಕಿದೆ.

ಹಾಗಂತ ಪ್ರತಿಯೊಂದು ಅಡಚಣೆಯನ್ನೂ ಬರೆಯುತ್ತಾ ಹೋದರೆ ನಡಾವಳಿ ನೆಟ್‌ವರ್ಕ್ ದೂರಿನ ಪುಸ್ತಕವಾಗುತ್ತದೆ. ಚಿತ್ರ ಎರಡು ಸೆಕೆಂಡ್ ನಿಂತದ್ದು, ಯಾರೋ ಮ್ಯೂಟ್ ತೆಗೆಯಲು ಮರೆತದ್ದು, ವರದಿ ಓದುವಾಗ ಒಬ್ಬರ ಲೈನ್ ಹೋಗಿ ತಕ್ಷಣ ಬಂದದ್ದು, ಇವೆಲ್ಲ ನನ್ನ ಟಿಪ್ಪಣಿಯಲ್ಲೇ ಉಳಿಯುತ್ತವೆ. ಕೋರಂ, ಮತ, ಅಥವಾ ಒಬ್ಬ ಸದಸ್ಯರು ಮಾತಾಡುವ ಅವಕಾಶ, ಈ ಮೂರರಲ್ಲಿ ಒಂದಕ್ಕೆ ಧಕ್ಕೆ ಬಂದಿದ್ದರೆ ನಡಾವಳಿಗೆ ಸೇರಿಸುತ್ತೇನೆ. ಅಧ್ಯಕ್ಷರು ಸಭೆಯನ್ನೇ ನಿಲ್ಲಿಸಿದ್ದರೆ ಹೇಗೂ ಬರೆಯಲೇಬೇಕು.

ಸಭೆ ಮುಗಿದ ಮೇಲೆ ಆ್ಯಪ್‌ನಿಂದ ಹಾಜರಾತಿ ವರದಿ ಇಳಿಸಿಕೊಳ್ಳುತ್ತೇನೆ. ಯಾರು ಎಷ್ಟು ಹೊತ್ತಿಗೆ ಸೇರಿದರು, ಬಿಟ್ಟರು ಎಂದು ಅದರಲ್ಲಿ ಇರುತ್ತದೆ. ಒಳ್ಳೆಯ ಸಹಾಯ, ಆದರೆ ಅದನ್ನೇ ಹಾಜರಾತಿ ಎಂದು ನಂಬಬಾರದು. ಮೇಲಿನ ಸಭೆಯ ವರದಿಯಲ್ಲಿ ಮೈಕ್ ಕೆಟ್ಟ ಸುಳಿವೇ ಇರಲಿಲ್ಲ. ಎಲ್ಲರ ಸಂಪರ್ಕವೂ ಗಟ್ಟಿಯಾಗಿತ್ತು, ಧ್ವನಿ ಮಾತ್ರ ಇರಲಿಲ್ಲ. ಕೊಠಡಿಯ ಮೂವರಿಗೂ ಸೇರಿ ಅದರಲ್ಲಿ ಒಂದೇ ಹೆಸರು, ಅದೂ ಕೊಠಡಿಯ ಲ್ಯಾಪ್‌ಟಾಪಿನದು. ಒಬ್ಬರು ಫೋನಿಗೂ ಕಂಪ್ಯೂಟರಿಗೂ ಲಿಂಕ್ ಹಾಕಿಕೊಂಡಿದ್ದರೆ ಎರಡು ಸಲ ಕಾಣುತ್ತಾರೆ. ವರದಿಯ ಸಮಯ ಬೇರೆ ಟೈಮ್ ಝೋನ್‌ನಲ್ಲಿ ಬಂದಿದ್ದರೆ ಗಂಟೆಗಳೇ ಹೊಂದುವುದಿಲ್ಲ. ಅದಕ್ಕೆ ನಾನು ಸಭೆ ಪೂರ್ತಿ ಒಂದೇ ಗಡಿಯಾರ ನೋಡುತ್ತೇನೆ, ಲ್ಯಾಪ್‌ಟಾಪ್ ಪರದೆಯ ಮೂಲೆಯದನ್ನು. ಗೋಡೆ ಗಡಿಯಾರದ ಕಡೆ ಕಣ್ಣೇ ಹಾಯಿಸುವುದಿಲ್ಲ.

ವಿಡಿಯೊ ರೆಕಾರ್ಡಿಂಗ್ ಇದ್ದರೆ ಇನ್ನೂ ಜಾಗ್ರತೆ ಬೇಕು. ನಮ್ಮಲ್ಲಿ ಎಲ್ಲರಿಗೂ ತಿಳಿಸಿಯೇ ಅದನ್ನು ಶುರು ಮಾಡುತ್ತೇವೆ, ನಡಾವಳಿ ಒಪ್ಪಿಗೆಯಾದ ಮೇಲೆ ಅಳಿಸುತ್ತೇವೆ. ಅದು ಎಲ್ಲಿ ನಡೆಯುತ್ತಿದೆ ಎಂಬುದು ಮುಖ್ಯ. ಕೊಠಡಿಯ ಲ್ಯಾಪ್‌ಟಾಪಿನಲ್ಲೇ ಉಳಿಯುವ ರೆಕಾರ್ಡಿಂಗ್ ಆದರೆ, ಆ ಲ್ಯಾಪ್‌ಟಾಪಿನ ನೆಟ್ ಹೋದಾಗ ಅದೂ ನಿಂತುಹೋಗಬಹುದು. ನಮಗೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ನಿಮಿಷಗಳೇ ಅದರಲ್ಲಿ ಇರುವುದಿಲ್ಲ. ಹಾಗಾಗಿ ಕೈಟಿಪ್ಪಣಿ ಬಿಡುವ ಮಾತೇ ಇಲ್ಲ.

ಪಟ್ಟಿ ನೋಡುತ್ತಾ, ಚಾಟ್ ನೋಡುತ್ತಾ, ಚರ್ಚೆಯನ್ನೂ ಬರೆಯುವುದು ಒಬ್ಬರಿಂದ ಆಗದ ಕೆಲಸ. ಆ ಸಭೆಯ ನಂತರ ಅಧ್ಯಕ್ಷರನ್ನು ಕೇಳಿ ಒಬ್ಬ ಸಹಾಯಕರನ್ನು ಪಡೆದೆ. ಅವರು ಬೇರೆ ಸಾಧನದಲ್ಲಿ, ದೂರದಿಂದ ಸೇರಿದವರ ಹಾಗೆಯೇ ಲಿಂಕ್ ಮೂಲಕ ಸೇರಿ, ಪಕ್ಕದ ಕೋಣೆಯಲ್ಲಿ ಇಯರ್‌ಫೋನ್ ಹಾಕಿ ಕೂರುತ್ತಾರೆ. ಕೊಠಡಿಯ ಧ್ವನಿ ನಿಂತರೆ ಅವರಿಗೆ ಮೊದಲು ಗೊತ್ತಾಗುತ್ತದೆ, ಎದ್ದು ಬಂದು ಹೇಳುತ್ತಾರೆ.

ಕರಡನ್ನು ಅದೇ ದಿನ ಕಳುಹಿಸುತ್ತೇನೆ. ಸಂಪರ್ಕ ತಪ್ಪಿದವರಿಗೆ ಅವರ ಸಾಲುಗಳನ್ನು ಬೇರೆಯಾಗಿ ತೋರಿಸಿ, ಸಮಯ ಸರಿಯಿದೆಯೇ ಎಂದು ಕೇಳುತ್ತೇನೆ. ಆ ಸದಸ್ಯೆ 11:36 ಸರಿ ಎಂದು ಬರೆದರು. ಫೋನಿನಲ್ಲಿದ್ದವರು ಮಾತ್ರ ತಾವು ಪರದೆಯ ಕೊಟೇಶನ್ ನೋಡದೆ, ಮೊದಲೇ ಬಂದಿದ್ದ ಪ್ರತಿಗಳನ್ನು ಇಟ್ಟುಕೊಂಡು ಮತ ಹಾಕಿದ್ದು ಎಂದು ಸೇರಿಸಲು ಕೇಳಿದರು. ಸರಿಯಾದ ಮಾತು ಅನ್ನಿಸಿ ಅಧ್ಯಕ್ಷರ ಒಪ್ಪಿಗೆ ಪಡೆದು ಸೇರಿಸಿದೆ. ಈಗ ಫೋನಿನಲ್ಲಿ ಇರುವವರಿಗೆ ಕಾಗದ ಮುಂಚೆಯೇ ತಲುಪಿದೆಯೇ ಎಂಬುದನ್ನೂ ಹೆಸರು ಕರೆಯುವಾಗಲೇ ಕೇಳಿ ಬರೆದುಕೊಳ್ಳುತ್ತೇನೆ.